ಎಸ್ಕ್ರೋ ಸ್ಟೇಟ್‌ಮೆಂಟ್ ಓದುವಾಗ ಮೊತ್ತಕ್ಕಿಂತ ತಾರೀಕು ನೋಡಿ

ಹೋದ ಸಲ ನಮ್ಮ ಭಾವ ಮೈಸೂರಿನ ಕುವೆಂಪುನಗರದಲ್ಲಿ ಒಂದು ಹಳೇ ಮನೆ ಕೊಂಡರು. 1 ಕೋಟಿ 20 ಲಕ್ಷಕ್ಕೆ ಮಾತಾಗಿತ್ತು. ಮಾರುವವರ ಮೇಲೆ ಇನ್ನೂ ಗೃಹಸಾಲ ಇತ್ತು, ಮನೆಯ ಮೂಲ ಪತ್ರಗಳು ಸಾಲ ಕೊಟ್ಟ ಬ್ಯಾಂಕಿನ ಲಾಕರಿನಲ್ಲಿದ್ದವು. ಭಾವನಿಗೆ ಪತ್ರ ಕೈಗೆ ಬರದೆ ದುಡ್ಡು ಕೊಡಲು ಭಯ. ಮಾರುವವರಿಗೆ ದುಡ್ಡು ಬರದೆ ಸಾಲ ತೀರಿಸಲು ಆಗದು. ಹಾಗಾಗಿ ಇಬ್ಬರೂ ಒಪ್ಪಿ ಮೂರನೆಯ ಒಂದು ಬ್ಯಾಂಕಿನಲ್ಲಿ ಎಸ್ಕ್ರೋ ಅಕೌಂಟು ತೆರೆದರು. ದುಡ್ಡೆಲ್ಲ ಅಲ್ಲಿ ಇರುತ್ತದೆ, ಒಂದೊಂದು ಕೆಲಸ ಮುಗಿದಂತೆ ಒಂದೊಂದು ಕಂತು ಬಿಡುಗಡೆ ಆಗುತ್ತದೆ. ಅಷ್ಟೇ ಎಸ್ಕ್ರೋ ಅಂದರೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಲೇಖನದಲ್ಲಿ ಬ್ಯಾಂಕಿನದನ್ನು ಅಕೌಂಟು ಅಂತಲೂ ಪಾಲಿಕೆಯದನ್ನು ಖಾತೆ ಅಂತಲೂ ಬರೆದಿದ್ದೇನೆ. ಎರಡಕ್ಕೂ ಖಾತೆ ಅಂದು ಅಂದು ನಮ್ಮ ಮನೆಯಲ್ಲಿ ಅರ್ಧ ಗಂಟೆ ಜಗಳವೇ ಆಗಿತ್ತು.

ಬಿಲ್ಡರ್ ಹತ್ತಿರ ಹೊಸ ಫ್ಲ್ಯಾಟ್ ಕೊಳ್ಳುವವರ ಕತೆ ಬೇರೆ. ಅಲ್ಲಿ ರೇರಾ ಕಾನೂನಿನ ಪ್ರಕಾರ ಗ್ರಾಹಕರಿಂದ ಬಂದ ದುಡ್ಡಿನ ಶೇ. 70ರಷ್ಟನ್ನು ಬಿಲ್ಡರ್ ಪ್ರತ್ಯೇಕ ಅಕೌಂಟಿನಲ್ಲಿ ಇಡಬೇಕು, ಕಟ್ಟಡ ಎಷ್ಟು ಆಗಿದೆ ಅಂತ ಎಂಜಿನಿಯರ್, ಆರ್ಕಿಟೆಕ್ಟ್ ಮತ್ತು ಸಿ.ಎ. ಮೂವರೂ ಬರೆದುಕೊಟ್ಟ ಮೇಲೆ ಅದಕ್ಕೆ ತಕ್ಕಷ್ಟೇ ತೆಗೆಯಬೇಕು. ಆದರೆ ಅದು ಬಿಲ್ಡರ್ ಹೆಸರಿನ ಅಕೌಂಟು. ನಾನು ಇಲ್ಲಿ ಹೇಳುತ್ತಿರುವುದು ಇಬ್ಬರು ಖಾಸಗಿ ಜನರ ನಡುವಿನ ಮಾರಾಟದ ಎಸ್ಕ್ರೋ ಬಗ್ಗೆ ಮಾತ್ರ.

ಏಪ್ರಿಲ್ 2ರಂದು ಭಾವ ಸ್ಟೇಟ್‌ಮೆಂಟ್ ಹಿಡಿದುಕೊಂಡು ಬಂದರು. ರಿಜಿಸ್ಟ್ರೇಷನ್ ಇನ್ನೂ ಆಗಿರಲಿಲ್ಲ. ಅದೇ ಸರಿಯಾದ ಹೊತ್ತು. ಎಲ್ಲ ಮುಗಿದ ಮೇಲೆ ನೋಡಿದರೆ ತಪ್ಪು ಸಿಗಬಹುದು, ದುಡ್ಡು ಸಿಗುವುದಿಲ್ಲ.

ಮೊದಲು ಸ್ಟೇಟ್‌ಮೆಂಟ್ ಎಲ್ಲಿಂದ ಬಂತು ಕೇಳಿ

ಬ್ರೋಕರ್ ವಾಟ್ಸಾಪಿನಲ್ಲಿ ಕಳಿಸಿದ ಫೋಟೋ, ಯಾರೋ ಟೈಪ್ ಮಾಡಿದ ಎಕ್ಸೆಲ್ ಹಾಳೆ, ಇವನ್ನು ಇಟ್ಟುಕೊಂಡು ಕೂರಬೇಡಿ. ಎಸ್ಕ್ರೋ ಬ್ಯಾಂಕೇ ನಿಮ್ಮ ಮೇಲ್‌ಗೆ ಕಳಿಸಿದ ಪಿ.ಡಿ.ಎಫ್. ಬೇಕು, ಇಲ್ಲವೇ ಶಾಖೆಯ ಸೀಲು ಹಾಕಿದ ಪ್ರತಿ ಬೇಕು. ಅದು ಅಕೌಂಟು ತೆರೆದ ದಿನದಿಂದ ಶುರುವಾಗಬೇಕು, ಆರಂಭದ ಬಾಕಿ ಸೊನ್ನೆ ಇರಬೇಕು. ಮಧ್ಯದ ಒಂದು ತಿಂಗಳಿನದು ಮಾತ್ರ ಕೊಟ್ಟರೆ ವಾಪಸ್ ಕೊಟ್ಟು ಪೂರ್ತಿ ಕೇಳಿ.

ಜೊತೆಗೆ ಇನ್ನೊಂದನ್ನು ಕೇಳಿ, ಇದನ್ನು ಬಹಳ ಜನ ಕೇಳುವುದೇ ಇಲ್ಲ. ಪ್ರತಿ ಬಿಡುಗಡೆಗೂ ಬ್ಯಾಂಕಿಗೆ ಒಂದು ಕೋರಿಕೆ ಪತ್ರ ಹೋಗಿರುತ್ತದೆ, ಅದರ ಹಿಂದೆ ಒಂದಿಷ್ಟು ದಾಖಲೆ ಲಗತ್ತಿಸಿರುತ್ತಾರೆ, ಮೇಲೆ ಬ್ಯಾಂಕಿನವರು ತಲುಪಿದ ತಾರೀಕಿನ ಸೀಲು ಒತ್ತಿರುತ್ತಾರೆ. ಆ ಕಟ್ಟಿನ ಪ್ರತಿ ಬೇಕು. ಸ್ಟೇಟ್‌ಮೆಂಟ್ ದುಡ್ಡು ಹೋಯಿತು ಅಂತ ಹೇಳುತ್ತದೆ. ಯಾಕೆ ಹೋಯಿತು ಅಂತ ಹೇಳುವುದು ಆ ಕಟ್ಟು.

ಎರಡು ಅಗ್ರಿಮೆಂಟ್ ಪಕ್ಕಪಕ್ಕ ಇಟ್ಟು ಓದಿ

ಇಲ್ಲಿ ಸ್ವಲ್ಪ ನಿಧಾನಿಸಿ. ಎಸ್ಕ್ರೋ ಇರುವ ಮಾರಾಟದಲ್ಲಿ ಎರಡು ಕಾಗದ ಇರುತ್ತವೆ. ಒಂದು, ಕೊಳ್ಳುವವರು ಮತ್ತು ಮಾರುವವರು ಮಾಡಿಕೊಂಡ ಕ್ರಯದ ಕರಾರು. ಇನ್ನೊಂದು, ಬ್ಯಾಂಕೂ ಸೇರಿ ಮೂವರು ಸಹಿ ಹಾಕಿದ ಎಸ್ಕ್ರೋ ಅಗ್ರಿಮೆಂಟ್. ಬ್ಯಾಂಕ್ ನೋಡುವುದು ಎರಡನೆಯದನ್ನು ಮಾತ್ರ. ಕ್ರಯದ ಕರಾರಿನಲ್ಲಿ ನೀವು ಏನೇ ಬರೆದುಕೊಂಡಿರಿ, ಅದಕ್ಕೆ ಬ್ಯಾಂಕ್ ಬಾಧ್ಯಸ್ಥ ಅಲ್ಲ. ಬಂದ ಕಾಗದ ನಿಜವೋ ಸುಳ್ಳೋ ಅಂತ ತನಿಖೆ ಮಾಡುವುದೂ ಸಾಮಾನ್ಯವಾಗಿ ಅದರ ಕೆಲಸ ಅಲ್ಲ. ಪಟ್ಟಿಯಲ್ಲಿ ಹೇಳಿದ ಕಾಗದ ಬಂತಾ, ಮೇಲ್ನೋಟಕ್ಕೆ ಸರಿಯಿದೆಯಾ, ದುಡ್ಡು ಬಿಡು. ಅಷ್ಟೇ.

ಭಾವನ ಕರಾರಿನಲ್ಲಿ ನಾಲ್ಕು ಹಂತ ಇದ್ದವು. ಮೊದಲನೆಯದು, ಮಾರುವವರ ಸಾಲದ ಬಾಕಿ ಎಷ್ಟಿದೆಯೋ ಅಷ್ಟು, 42 ಲಕ್ಷ ಮೀರದಂತೆ, ನೇರವಾಗಿ ಅವರ ಸಾಲದ ಅಕೌಂಟಿಗೆ. ಎರಡನೆಯದು, ಮೂಲ ಪತ್ರಗಳು ಭಾವನ ವಕೀಲರ ಕೈಗೆ ಬಂದು, ಅಡಮಾನ ರದ್ದಾಗಿರುವುದು ಇ.ಸಿ.ಯಲ್ಲಿ, ಅಂದರೆ ಆಸ್ತಿಯ ಮೇಲಿನ ನೋಂದಣಿಗಳನ್ನು ತೋರಿಸುವ ಋಣಭಾರ ಪತ್ರದಲ್ಲಿ, ಕಂಡ ಮೇಲೆ ಮಾರುವವರಿಗೆ 10 ಲಕ್ಷ. ಮೂರನೆಯದು, ಕ್ರಯಪತ್ರ ನೋಂದಣಿ ಆದ ಮೇಲೆ ಉಳಿದದ್ದು, 5 ಲಕ್ಷ ಬಿಟ್ಟು. ಕೊನೆಯ 5 ಲಕ್ಷ ಮನೆ ಖಾಲಿ ಮಾಡಿ ಬೀಗ ಕೊಟ್ಟು, ಕಂದಾಯ ಮತ್ತು ಕರೆಂಟ್ ಬಿಲ್ ಬಾಕಿ ಇಲ್ಲ ಅನ್ನುವ ರಸೀದಿ ಕೊಟ್ಟು, ಖಾತೆ ಭಾವನ ಹೆಸರಿಗೆ ಆದ ಮೇಲೆ.

ಎಸ್ಕ್ರೋ ಅಗ್ರಿಮೆಂಟಿನ ಪಟ್ಟಿ ತೆಗೆದು ನೋಡಿದೆ. ಅಲ್ಲೂ ನಾಲ್ಕೇ ಹಂತ, ಮೊತ್ತಗಳೂ ಅವೇ. ಆದರೆ ಎರಡನೆಯ ಹಂತದ ಎದುರು ಬರೆದಿದ್ದು ಒಂದೇ ಸಾಲು: ‘ಸಾಲ ತೀರಿದ ಬಗ್ಗೆ ದಾಖಲೆ, ಮಾರುವವರು ಹಾಜರುಪಡಿಸತಕ್ಕದ್ದು.’ ಇ.ಸಿ. ಇಲ್ಲ, ಮೂಲ ಪತ್ರದ ಸುದ್ದಿಯಿಲ್ಲ, ಭಾವನ ಸಹಿಯೂ ಬೇಕಿಲ್ಲ. ಯಾರೋ ದೊಡ್ಡ ಕರಾರನ್ನು ಚಿಕ್ಕದಾಗಿ ಬರೆಯಲು ಹೋಗಿ ಮುಖ್ಯವಾದದ್ದನ್ನೇ ಬಿಟ್ಟಿದ್ದರು.

ನೀವೂ ಹೀಗೇ ಮಾಡಿ. ಒಂದೊಂದು ಹಂತಕ್ಕೂ ಎರಡು ಕಾಗದಗಳ ಮಾತನ್ನು ಅಕ್ಷರಶಃ ಎದುರುಬದುರು ಬರೆದುಕೊಳ್ಳಿ. ಆಮೇಲೆ ತಿದ್ದುಪಡಿ ಪತ್ರಗಳೇನಾದರೂ ಇದ್ದರೆ ಅವನ್ನೂ ಸೇರಿಸಿ. ‘ಅಥವಾ’ ಅನ್ನುವ ಪದ ಎಲ್ಲಿದೆ ನೋಡಿ. ‘ಎನ್.ಓ.ಸಿ. ಅಥವಾ ಇ.ಸಿ.’ ಅಂತ ಇದ್ದರೆ ಯಾವುದು ಸುಲಭವಾಗಿ ಸಿಗುತ್ತದೋ ಅದೇ ಬರುತ್ತದೆ, ಅಲ್ವಾ?

ಈಗ ಸ್ಟೇಟ್‌ಮೆಂಟ್

ಭಾವ ತಂದಿದ್ದ ಹಾಳೆಯಲ್ಲಿ ಇದ್ದದ್ದು ಐದೇ ಸಾಲು. ಪ್ರತಿ ವರ್ಗಾವಣೆಯನ್ನೂ ಗುರುತಿಸುವ ಯು.ಟಿ.ಆರ್. ನಂಬರುಗಳನ್ನು ಬಿಟ್ಟು ಉಳಿದದ್ದು ಹೀಗಿತ್ತು, CR ಅಂದರೆ ಜಮೆ, DR ಅಂದರೆ ಖರ್ಚು, ಕೊನೆಯ ಅಂಕಿ ಬಾಕಿ:

```
10-02  RTGS CR  BUYER          12,00,000     12,00,000
05-03  RTGS CR  BUYER        1,06,80,000   1,18,80,000
15-03  RTGS DR  LOAN CLOSURE   41,39,190     77,40,810
24-03  RTGS DR  SELLER         10,00,000     67,40,810
31-03  ESCROW FEE+GST             29,500     67,11,310
```

ಮೊದಲು ಒಳಗೆ ಬಂದ ದುಡ್ಡು ಕೂಡಿ. 12 ಲಕ್ಷ ಮತ್ತು 1 ಕೋಟಿ 6 ಲಕ್ಷದ 80 ಸಾವಿರ, ಒಟ್ಟು 1,18,80,000. ಮನೆಯ ಬೆಲೆ 1 ಕೋಟಿ 20 ಲಕ್ಷ. 1,20,000 ಕಮ್ಮಿ ಇದೆ, ಮಾರುವವರು ಇದನ್ನು ನೋಡಿ ಒಮ್ಮೆ ಗಾಬರಿಯಾಗಿ ಫೋನ್ ಮಾಡಿದ್ದರಂತೆ. ಅದು ಟಿ.ಡಿ.ಎಸ್. ದುಡ್ಡು. ಮನೆಯ ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕೊಳ್ಳುವವರು ಶೇ. 1ರಷ್ಟು ಹಿಡಿದುಕೊಂಡು ಮಾರುವವರ ಪ್ಯಾನ್ ಹೆಸರಿನಲ್ಲಿ ಸರ್ಕಾರಕ್ಕೆ ಕಟ್ಟಬೇಕು. ಭಾವ ಅದನ್ನು ಎಸ್ಕ್ರೋಗೆ ಹಾಕದೆ ಹೊರಗಿನಿಂದಲೇ ಕಟ್ಟುವ ಒಪ್ಪಂದ ಇತ್ತು. ಹಾಗಾಗಿ ಲೆಕ್ಕ ಸರಿ, ಆದರೆ ಚಲನ್ ಕೇಳಿ ಪಡೆದು ಈ ಸಾಲಿನ ಪಕ್ಕಕ್ಕೆ ಸಿಕ್ಕಿಸಿಡಬೇಕು. ಚಲನ್ ಇಲ್ಲದ ಟಿ.ಡಿ.ಎಸ್. ಬರೀ ಕಮ್ಮಿ ಕೊಟ್ಟ ದುಡ್ಡು. ಮಾರುವವರು ವಿದೇಶದಲ್ಲಿರುವ ಎನ್.ಆರ್.ಐ. ಆಗಿದ್ದರೆ ಈ ಶೇ. 1ರ ಲೆಕ್ಕ ನಡೆಯುವುದಿಲ್ಲ, ತೆರಿಗೆ ಬಹಳ ಜಾಸ್ತಿ ಹಿಡಿಯಬೇಕಾಗುತ್ತದೆ. ಆಗ ಆಡಿಟರ್ ಇಲ್ಲದೆ ಹೆಜ್ಜೆ ಇಡಬೇಡಿ.

ಆಮೇಲೆ ಹೊರಗೆ ಹೋದದ್ದು. ಮಾರ್ಚ್ 15ರ 41,39,190 ಅನ್ನುವ ಸಾಲು ನೋಡಿ ಭಾವನಿಗೆ ಅನುಮಾನ. ಯಾಕೆಂದರೆ ಸಾಲ ಕೊಟ್ಟ ಬ್ಯಾಂಕಿನ ಪತ್ರದಲ್ಲಿ 41,36,250 ಅಂತಿತ್ತು. 2,940 ರೂಪಾಯಿ ಜಾಸ್ತಿ ಯಾಕೆ ಹೋಯಿತು?

ಸಾಲ ಮುಕ್ತಾಯದ ಪತ್ರವನ್ನು ಪೂರ್ತಿ ಓದಿದರೆ ಉತ್ತರ ಅಲ್ಲೇ ಇರುತ್ತದೆ. ಪತ್ರ ಮಾರ್ಚ್ 12ರದು. ಆ ದಿನದ ಬಾಕಿ 41,36,250, ನಂತರ ತಡವಾದ ಪ್ರತಿ ದಿನಕ್ಕೆ 980 ರೂಪಾಯಿ ಬಡ್ಡಿ ಅಂತ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು. ದುಡ್ಡು ಹೋದದ್ದು 15ಕ್ಕೆ. ಮೂರು ದಿನ, ಮೂರು ಸಲ 980, ಅಲ್ಲಿಗೆ 2,940. ಸರಿಹೋಯಿತು. ಈ ಸಾಲು ರೌಂಡಾಗಿ 41 ಲಕ್ಷ 40 ಸಾವಿರ ಅಂತ ಇದ್ದಿದ್ದರೆ ನಾನು ಹೆಚ್ಚು ಕೆದಕುತ್ತಿದ್ದೆ. ಸಾಲದ ಬಾಕಿ ಎಂದೂ ಹಾಗೆ ನೀಟಾಗಿ ಇರುವುದಿಲ್ಲ.

ಇನ್ನೊಂದು ನೋಡಬೇಕು, ದುಡ್ಡು ಯಾವ ಅಕೌಂಟಿಗೆ ಹೋಯಿತು ಅಂತ. ಆರ್.ಟಿ.ಜಿ.ಎಸ್.ನಲ್ಲಿ ದುಡ್ಡು ಜಮೆ ಆಗುವುದು ಅಕೌಂಟ್ ನಂಬರ್ ಮೇಲೆ, ಹೆಸರಿನ ಮೇಲೆ ಅಲ್ಲ. ಹಾಗಾಗಿ ಸ್ಟೇಟ್‌ಮೆಂಟಿನಲ್ಲಿ LOAN CLOSURE ಅಂತ ಬರೆದಿರುವುದಕ್ಕೆ ಹೆಚ್ಚು ಬೆಲೆ ಇಲ್ಲ, ಅದು ಕಳಿಸುವವರು ಟೈಪ್ ಮಾಡಿದ ಮಾತು. ಕೋರಿಕೆ ಪತ್ರದಲ್ಲಿರುವ ನಂಬರೂ ಸಾಲ ಮುಕ್ತಾಯದ ಪತ್ರದಲ್ಲಿರುವ ಸಾಲದ ನಂಬರೂ ಒಂದೇನಾ ಅಂತ ಬೆರಳಿಟ್ಟು ಓದಿ. ಭಾವ ಓದುತ್ತಾ ಹೋದರು, ನಾನು ಗುರುತು ಹಾಕುತ್ತಾ ಹೋದೆ. ಆಮೇಲೆ ಯು.ಟಿ.ಆರ್. ನಂಬರ್ ಕೊಟ್ಟು, ಸಾಲ ಕೊಟ್ಟ ಬ್ಯಾಂಕಿನ ಸಾಲದ ಸ್ಟೇಟ್‌ಮೆಂಟಿನಲ್ಲಿ ಅದೇ ನಂಬರಿನಲ್ಲಿ ಜಮೆ ಕಾಣುತ್ತದಾ ಅಂತ ಮಾರುವವರಿಂದಲೇ ಕೇಳಿ ಪಡೆದೆವು.

ಒಂದು ಎಚ್ಚರ. ಕೆಲವೊಮ್ಮೆ ಆರ್.ಟಿ.ಜಿ.ಎಸ್. ತಿರುಗಿ ಬರುತ್ತದೆ. ಆಗ ಒಂದು ಖರ್ಚು, ಹಿಂದೆಯೇ ಒಂದು ಜಮೆ, ಮತ್ತೆ ಒಂದು ಖರ್ಚು, ಹೀಗೆ ಮೂರು ಸಾಲು ಬರುತ್ತವೆ. ಸುಮ್ನೆ ಖರ್ಚಿನ ಸಾಲುಗಳನ್ನೆಲ್ಲ ಕೂಡಿದರೆ ಎರಡು ಸಲ ಕೊಟ್ಟಂತೆ ಕಾಣುತ್ತದೆ. ವಾಪಸ್ ಬಂದ ಜಮೆಯನ್ನು ಕೊಳ್ಳುವವರು ಹಾಕಿದ ಹೊಸ ದುಡ್ಡು ಅಂತಲೂ ಎಣಿಸಬೇಡಿ.

ಮೊತ್ತ ಸರಿ, ತಾರೀಕು?

‘ಲೆಕ್ಕ ಸರಿಯಾಗೇ ಇದೆಯಲ್ಲೋ, ಇನ್ನೇನು ನೋಡ್ತೀಯಾ?’ ಅಂದರು ಭಾವ. ಮಾರ್ಚ್ 24ರ ಸಾಲು 10 ಲಕ್ಷ. ಕರಾರಿನಲ್ಲೂ 10 ಲಕ್ಷ. ಮಾರುವವರ ಅಕೌಂಟೇ. ಮೊತ್ತ ಮಾತ್ರ ನೋಡಿದ್ದರೆ ನಾನೂ ಟಿಕ್ ಹಾಕಿ ಮುಂದೆ ಹೋಗುತ್ತಿದ್ದೆ.

‘ಭಾವ, ಇ.ಸಿ. ಯಾವತ್ತು ತೆಗೆಸಿದ್ರಿ?’ ಅಂದೆ. ಅವರು ತೆಗೆಸಿಯೇ ಇರಲಿಲ್ಲ. ಮೂಲ ಪತ್ರ ವಕೀಲರ ಕೈಗೆ ಬಂದಿದೆಯಾ ಅಂದರೆ, ಅದೂ ಇಲ್ಲ.

ಪ್ರತಿ ಬಿಡುಗಡೆಯ ಎದುರಿಗೂ ಮೂರು ತಾರೀಕು ಬರೆಯಿರಿ. ಕೆಲಸ ನಿಜವಾಗಿ ಆದ ದಿನ, ಅದನ್ನು ಹೇಳುವ ಕಾಗದದ ಮೇಲಿನ ದಿನ, ಕಾಗದ ಎಸ್ಕ್ರೋ ಬ್ಯಾಂಕಿಗೆ ತಲುಪಿದ ಸೀಲಿನ ದಿನ. ದುಡ್ಡು ಹೋದ ದಿನ ಈ ಮೂರಕ್ಕೂ ಆಮೇಲೆ ಇರಬೇಕು, ಇಲ್ಲವೇ ಕೊನೆಯದರ ದಿನವೇ ಇರಬೇಕು. ಒಂದು ತಾರೀಕು ಬರೆಯಲಾಗದೆ ಖಾಲಿ ಉಳಿದರೂ ಅಲ್ಲಿ ನಿಂತುಕೊಳ್ಳಿ.

ಇಲ್ಲಿ ಏನಾಗಿತ್ತು ನೋಡಿ. ಸಾಲ ತೀರಿದ್ದು ಮಾರ್ಚ್ 15. ಸಾಲ ಕೊಟ್ಟ ಬ್ಯಾಂಕ್ ಬಾಕಿ ಇಲ್ಲ ಅಂತ ಪತ್ರ ಕೊಟ್ಟದ್ದು 20ಕ್ಕೆ. ಮಾರುವವರು ಅದನ್ನೇ 23ಕ್ಕೆ ಎಸ್ಕ್ರೋ ಬ್ಯಾಂಕಿಗೆ ಕೊಟ್ಟರು. ಎಸ್ಕ್ರೋ ಬ್ಯಾಂಕಿನ ಪಟ್ಟಿಯ ಪ್ರಕಾರ ಅಷ್ಟೇ ಸಾಕಿತ್ತು, 24ಕ್ಕೆ ದುಡ್ಡು ಬಿಟ್ಟರು. ಬ್ಯಾಂಕಿನದ್ದೂ ತಪ್ಪಿಲ್ಲ, ಮಾರುವವರು ಮೋಸ ಮಾಡಿದರು ಅಂತಲೂ ಅಲ್ಲ. ಆದರೆ ಬಾಕಿ ಇಲ್ಲ ಅನ್ನುವ ಪತ್ರ ಬೇರೆ, ಅಡಮಾನ ತೆಗೆದದ್ದು ಬೇರೆ. ಗೃಹಸಾಲ ಕೊಡುವಾಗ ಬ್ಯಾಂಕಿನವರು ಮೂಲ ಪತ್ರ ಇಟ್ಟುಕೊಂಡು, ಎಂ.ಓ.ಡಿ.ಟಿ. ಅಂತ ಒಂದು ಅಡಮಾನದ ಪತ್ರವನ್ನು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಾಯಿಸಿರುತ್ತಾರೆ. ಸಾಲ ತೀರಿದ ಮಾತ್ರಕ್ಕೆ ಅದು ತಾನಾಗಿ ಅಳಿಸಿಹೋಗುವುದಿಲ್ಲ. ಬ್ಯಾಂಕಿನವರು ಬಂದು ರದ್ದುಪತ್ರ ನೋಂದಾಯಿಸಬೇಕು, ಆಗಲೇ ಇ.ಸಿ.ಯಲ್ಲಿ ಅದೂ ಒಂದು ಸಾಲಾಗಿ ಬರುತ್ತದೆ. ಅಲ್ಲಿಯವರೆಗೆ ಕಾಗದದ ಮೇಲೆ ಆ ಮನೆ ಅಡಮಾನದಲ್ಲೇ ಇದೆ.

ಸುಳಿವು ಸ್ಟೇಟ್‌ಮೆಂಟಿನಲ್ಲೇ ಇತ್ತು. 15ಕ್ಕೂ 24ಕ್ಕೂ ನಡುವೆ ಒಂಬತ್ತೇ ದಿನ. ಸಾಲ ಪೂರ್ತಿ ತೀರಿದ ಮೇಲೆ ಮೂಲ ಪತ್ರ ವಾಪಸ್ ಕೊಟ್ಟು ಅಡಮಾನ ತೆಗೆಸಲು ರಿಸರ್ವ್ ಬ್ಯಾಂಕ್ 30 ದಿನದ ಗಡುವು ಇಟ್ಟಿದೆ. 2023ರ ಡಿಸೆಂಬರ್ 1ರಿಂದ ಇದು ಜಾರಿಯಲ್ಲಿದೆ, ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಸಾಲಗಾರನಿಗೆ ಕೊಡಬೇಕು. ಒಂಬತ್ತು ದಿನದಲ್ಲಿ ಆಗಲೇಬಾರದು ಅಂತಿಲ್ಲ, ಆದರೆ ಅಷ್ಟು ಬೇಗ ಆಯಿತು ಅಂದರೆ ಕಾಗದ ತೋರಿಸಿ ಅಂತ ಕೇಳಲೇಬೇಕು.

ಇ.ಸಿ. ತೆಗೆಸುವಾಗ ಯಾವ ತಾರೀಕಿನವರೆಗೆ ಹುಡುಕಿದ್ದಾರೆ ಅಂತ ನೋಡುವುದನ್ನು ಮರೆಯಬೇಡಿ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ನಾವೇ ಅವಧಿ ಕೊಡುತ್ತೇವೆ. ಮಾರ್ಚ್ 31ರವರೆಗಿನ ಇ.ಸಿ.ಯಲ್ಲಿ ಏಪ್ರಿಲ್‌ನ ರದ್ದುಪತ್ರ ಕಾಣುವುದಿಲ್ಲ, ಏಪ್ರಿಲ್‌ನಲ್ಲಿ ಬಿದ್ದ ಹೊಸ ಸಾಲವೂ ಕಾಣುವುದಿಲ್ಲ.

ಭಾವ ಆವತ್ತೇ ಎರಡು ಕೆಲಸ ಮಾಡಿದರು. ಎಸ್ಕ್ರೋ ಬ್ಯಾಂಕಿಗೂ ಮಾರುವವರಿಗೂ ಒಂದೇ ಮೇಲ್ ಕಳಿಸಿದರು. ಯಾವ ಸಾಲು, ಯಾವ ತಾರೀಕು, ಕರಾರಿನ ಯಾವ ಷರತ್ತು, ಯಾವ ಕಾಗದ ಇಲ್ಲ, ಅಷ್ಟೇ ಬರೆದರು. ಸಿಟ್ಟಿನ ಮಾತು ಒಂದೂ ಇರಲಿಲ್ಲ, ಅದು ನನಗೇ ಆಶ್ಚರ್ಯ. ಆಮೇಲೆ ಮೂವರೂ ಸಹಿ ಹಾಕಿದ ತಿದ್ದುಪಡಿ ಪತ್ರ ಮಾಡಿಸಿದರು: ಇನ್ನು ಮುಂದಿನ ಎರಡು ಬಿಡುಗಡೆಗೂ ಇಬ್ಬರ ಸಹಿ ಬೇಕು, ಮತ್ತು ಮೂರನೆಯದಕ್ಕೆ ಮೊದಲು ರದ್ದುಪತ್ರ ಕಾಣುವ ಇ.ಸಿ. ಹಾಜರುಪಡಿಸಬೇಕು. ಬರೀ ಭಾವ ಒಬ್ಬರೇ ‘ದುಡ್ಡು ತಡೆಯಿರಿ’ ಅಂತ ಬರೆದರೆ ಬ್ಯಾಂಕ್ ಒಪ್ಪುತ್ತಿರಲಿಲ್ಲ. ಮೂವರ ಅಗ್ರಿಮೆಂಟನ್ನು ಒಬ್ಬರು ತಿದ್ದಲು ಆಗದು. ಏಪ್ರಿಲ್ 9ಕ್ಕೆ ರದ್ದುಪತ್ರ ನೋಂದಣಿ ಆಯಿತು, 12ಕ್ಕೆ ತೆಗೆಸಿದ ಇ.ಸಿ.ಯಲ್ಲಿ ಕಂಡಿತು.

ಆ 29,500 ರೂಪಾಯಿ

ಕೊನೆಯ ಸಾಲನ್ನು ಯಾರೂ ನೋಡುವುದಿಲ್ಲ, ಚಿಕ್ಕದು ಅಂತ. ಎಸ್ಕ್ರೋ ಬ್ಯಾಂಕಿನ ಶುಲ್ಕ 25,000, ಅದರ ಮೇಲೆ ಶೇ. 18 ಜಿ.ಎಸ್.ಟಿ. 4,500. ಅಗ್ರಿಮೆಂಟಿನಲ್ಲಿ ಇದನ್ನು ಇಬ್ಬರೂ ಅರ್ಧರ್ಧ ಬೇರೆಯಾಗಿ ಕಟ್ಟಬೇಕು ಅಂತಿತ್ತು. ಬ್ಯಾಂಕ್ ಎಸ್ಕ್ರೋ ದುಡ್ಡಿನಿಂದಲೇ ಮುರಿದುಕೊಂಡಿತ್ತು.

ಇದು ಪತ್ತೆಯಾಗುವುದು ಮುಂದಿನ ಬಿಡುಗಡೆಗಳನ್ನು ಈಗಲೇ ಲೆಕ್ಕ ಹಾಕಿದರೆ ಮಾತ್ರ. 1,18,80,000ದಲ್ಲಿ ಸಾಲಕ್ಕೆ ಹೋದದ್ದು, 10 ಲಕ್ಷ, ಕೊನೆಯ 5 ಲಕ್ಷ ಕಳೆದರೆ ನೋಂದಣಿ ದಿನ 62,40,810 ಹೋಗಬೇಕು. ಅದಕ್ಕೆ 5 ಲಕ್ಷ ಸೇರಿಸಿದರೆ 67,40,810 ಅಕೌಂಟಿನಲ್ಲಿ ಇರಬೇಕು. ಇದ್ದದ್ದು 67,11,310. ನೋಂದಣಿ ದಿನದ ದುಡ್ಡು ಸಲೀಸಾಗಿ ಹೋಗುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೊನೆಗೆ ಬೀಗ ಕೊಟ್ಟ ದಿನ 5 ಲಕ್ಷದ ಬದಲು 4,70,500 ಬಂದು, ಮಾರುವವರು ಭಾವನ ಮೇಲೆ ಹರಿಹಾಯುತ್ತಿದ್ದರು. ಭಾವ ತಮ್ಮ ಪಾಲಿನ 14,750 ತುಂಬಿದರು. ಮಾರುವವರು ತಮ್ಮ ಪಾಲು ಕೊನೆಯ ಕಂತಿನಲ್ಲಿ ಮುರಿದುಕೊಳ್ಳಿ ಅಂತ ಬರೆದುಕೊಟ್ಟರು. ಅಂದರೆ ಕೊನೆಯ ಬಿಡುಗಡೆ 4,85,250.

ನೋಂದಣಿ ದಿನ

ಏಪ್ರಿಲ್ 22. ಈ ದಿನದ ಬಿಡುಗಡೆಗೆ ತಾರೀಕು ಒಂದೇ ಇರುವುದರಿಂದ ಗಂಟೆ ನೋಡಬೇಕಾಗುತ್ತದೆ. ನಮ್ಮಲ್ಲಿ ನೋಂದಣಿಯಾದ ಕ್ರಯಪತ್ರದ ಹಿಂಬರಹದಲ್ಲಿ ಎಷ್ಟು ಗಂಟೆಗೆ ಹಾಜರುಪಡಿಸಿದರು ಅಂತ ಅಚ್ಚಾಗಿರುತ್ತದೆ. ಆರ್.ಟಿ.ಜಿ.ಎಸ್. ಸಂದೇಶದಲ್ಲೂ ಗಂಟೆ ಇರುತ್ತದೆ. ಭಾವನದು ಬೆಳಗ್ಗೆ 11.40ಕ್ಕೆ ಹಾಜರು, ನೋಂದಣಿ ನಂಬರ್ ಬಿದ್ದ ಮೇಲೆ ಬ್ಯಾಂಕಿಗೆ ಹೇಳಿ ದುಡ್ಡು ಹೋದದ್ದು ಮಧ್ಯಾಹ್ನ 2.10ಕ್ಕೆ. ಇಬ್ಬರೂ ಕೋರಿಕೆ ಪತ್ರಕ್ಕೆ ಹಿಂದಿನ ದಿನವೇ ಸಹಿ ಹಾಕಿ, ನೋಂದಣಿ ನಂಬರ್ ಬಂದರೆ ಮಾತ್ರ ಬಿಡಿ ಅಂತ ಬ್ಯಾಂಕಿಗೆ ಕೊಟ್ಟಿದ್ದರು. ಮಾರುವವರು ಸಬ್ ರಿಜಿಸ್ಟ್ರಾರ್ ಆಫೀಸಿನ ಬೆಂಚಿನ ಮೇಲೆ ಫೋನ್ ನೋಡುತ್ತಾ ಆ ಎರಡೂವರೆ ಗಂಟೆ ಕೂತಿದ್ದರು ಪಾಪ.

ಕ್ರಯಪತ್ರದ ಒಳಗೆ ಹಣ ಸಂದಾಯದ ವಿವರ ಬರೆಯುತ್ತಾರಲ್ಲ, ಅದನ್ನು ಸಹಿ ಹಾಕುವ ಮೊದಲೇ ಸ್ಟೇಟ್‌ಮೆಂಟಿನ ಜೊತೆ ಹಿಡಿದು ನೋಡಿ. ಆಗಲೇ ಹೋದ ಎರಡು ಬಿಡುಗಡೆಯ ತಾರೀಕು, ಮೊತ್ತ, ಯು.ಟಿ.ಆರ್. ಹಾಗೇ ಬಂದಿರಬೇಕು. ಟಿ.ಡಿ.ಎಸ್. ಪ್ರತ್ಯೇಕ ಸಾಲಿನಲ್ಲಿರಬೇಕು. ಕೊನೆಯ ಕಂತು ಎಸ್ಕ್ರೋದಲ್ಲಿ ಉಳಿದಿದೆ ಅಂತ ಸ್ಪಷ್ಟವಾಗಿ ಬರೆಸಿ. ‘ಪೂರ್ತಿ ಹಣ ಮುಟ್ಟಿದೆ’ ಅಂತ ಹಳೇ ನಮೂನೆಯ ಸಾಲು ಹಾಗೇ ಉಳಿದಿದ್ದರೆ ಸ್ಟೇಟ್‌ಮೆಂಟ್ ಒಂದು ಹೇಳುತ್ತದೆ, ಕ್ರಯಪತ್ರ ಇನ್ನೊಂದು ಹೇಳುತ್ತದೆ. ಭಾವನ ಕರಡಿನಲ್ಲಿ ಒಂದು ಯು.ಟಿ.ಆರ್.ನ ಎರಡು ಅಂಕಿ ಅದಲುಬದಲಾಗಿತ್ತು, ಹಿಂದಿನ ರಾತ್ರಿ ತಿದ್ದಿಸಿದೆವು.

ಕೊನೆಯ ಕಂತು ಜೂನ್‌ವರೆಗೆ ಎಳೆಯಿತು. ಬೀಗ ಮೇ ತಿಂಗಳಲ್ಲೇ ಬಂತು, ಸೆಸ್ಕ್ ಕರೆಂಟ್ ಬಿಲ್ಲಿನ ರಸೀದಿಯೂ ಬಂತು, ಪಾಲಿಕೆಯಲ್ಲಿ ಖಾತೆ ಆಗುವುದು ತಡವಾಯಿತು. ಅರ್ಜಿ ಕೊಟ್ಟ ಸ್ವೀಕೃತಿ ಸಾಕಲ್ವಾ ಅಂತ ಮಾರುವವರು ಎರಡು ಸಲ ಕೇಳಿದರು. ಖಾತೆ ಆದ ಮೇಲೆ ಅಂತ ಬರೆದಿದ್ದರಿಂದ ಭಾವ ಸಹಿ ಹಾಕಲಿಲ್ಲ. 4,85,250 ಹೋದ ಮೇಲೆ ಬಾಕಿ ಎಷ್ಟು ಉಳಿಯಬೇಕು ನೀವೇ ಕಳೆದು ನೋಡಿ: ಸೊನ್ನೆ. ಸೊನ್ನೆ ತೋರಿಸುವ ಕೊನೆಯ ಸ್ಟೇಟ್‌ಮೆಂಟ್ ಮತ್ತು ಅಕೌಂಟು ಮುಚ್ಚಿದ ಪತ್ರ, ಎರಡನ್ನೂ ಬ್ಯಾಂಕಿನಿಂದ ಪಡೆದು ಕ್ರಯಪತ್ರದ ಜೊತೆಗೇ ಅದೇ ಫೈಲಿಗೆ ಹಾಕಿದ್ದಾರೆ.